ಬರೆದು ಕಳಿಸಿದರೆ ಸಾಲದು, ಕೂತು ಮಾತಾಡಬೇಕು
ಬರವಣಿಗೆ ಕೆಲಸಕ್ಕೆ ಜನರನ್ನು ಆರಿಸುವಾಗ ಮನೆಯಲ್ಲಿ ಬರೆಸುವ ಟೆಸ್ಟನ್ನು ಹೊಸದಾಗಿ ಕಟ್ಟುವುದು ಹೇಗೆ?

ಬೆಂಗಳೂರಿನ ಒಂದು ಪೇಮೆಂಟ್ ಆ್ಯಪ್‌ಗೆ ಕನ್ನಡದಲ್ಲಿ ಸಹಾಯ ಪುಟಗಳನ್ನು ಬರೆಯುವವರು ಬೇಕಿತ್ತು. ಆರಿಸುವ ಹೊಣೆ ನನ್ನ ಮೇಲೆ ಬಿತ್ತು. ಎಲ್ಲರೂ ಮಾಡುವಂತೆ ನಾನೂ ಮಾಡಿದೆ. 'ಯುಪಿಐ ಬಗ್ಗೆ ಸಾವಿರ ಪದಗಳ ಲೇಖನ ಬರೆದು ಸೋಮವಾರದೊಳಗೆ ಕಳಿಸಿ' ಎಂದು ಅಭ್ಯರ್ಥಿಗಳಿಗೆ ಮೇಲ್ ಹಾಕಿದೆ. ಬಂದ ಲೇಖನಗಳೆಲ್ಲ ನೀಟಾಗಿದ್ದವು, ಹೆಚ್ಚುಕಡಿಮೆ ಒಂದೇ ಥರ ಇದ್ದವು. ಅವುಗಳಲ್ಲಿ ಚೆಂದದ್ದನ್ನು ಬರೆದವರನ್ನು ತೆಗೆದುಕೊಂಡೆವು. ಮೊದಲ ವಾರವೇ ಕಷ್ಟ ಶುರುವಾಯಿತು. ಪೇಮೆಂಟ್ ತಂಡ ಕೊಟ್ಟ ಟಿಪ್ಪಣಿಯಲ್ಲಿ ಎರಡು ಮಾತು ಒಂದಕ್ಕೊಂದು ಹೊಂದುತ್ತಿಲ್ಲ ಅನ್ನುವುದು ಅವರಿಗೆ ಕಾಣಲೇ ಇಲ್ಲ. ತಪ್ಪು ಅವರದ್ದಲ್ಲ. ಅದು ಕಾಣುತ್ತದೆಯೇ ಎಂದು ನಮ್ಮ ಟೆಸ್ಟ್ ಕೇಳಿಯೇ ಇರಲಿಲ್ಲ.

ಮನೆಯಿಂದ ಬಂದ ಬರಹ ಕೊನೆಯ ರೂಪವನ್ನಷ್ಟೇ ತೋರಿಸುತ್ತದೆ. ಅದನ್ನು ಅಣ್ಣ ತಿದ್ದಿರಬಹುದು, ಚಾಟ್‌ಬಾಟ್ ಬರೆದಿರಬಹುದು, ಅಭ್ಯರ್ಥಿಯೇ ಎರಡು ರಾತ್ರಿ ನಿದ್ದೆಗೆಟ್ಟು ಬರೆದಿರಬಹುದು. ಯಾವುದು ಎಂದು ಪತ್ತೆ ಮಾಡಲು ಹೊರಟರೆ ಸುಮ್ನೆ ಅನುಮಾನ ಬೆಳೆಯುತ್ತದೆ, ಅಷ್ಟೇ. ಟೆಸ್ಟನ್ನೇ ಎರಡು ಭಾಗ ಮಾಡಿ. ಬರೆಯುವುದು ಒಂದು ಭಾಗ, ಬರೆದದ್ದರ ಬಗ್ಗೆ ಕೂತು ಮಾತಾಡುವುದು ಇನ್ನೊಂದು.

ಮೊದಲು, ಟೆಸ್ಟನ್ನು ಚಿಕ್ಕದು ಮಾಡಿ

ಒಂದೂವರೆ ಗಂಟೆಯಲ್ಲಿ ಮುಗಿಯುವ, ಮುನ್ನೂರು ಪದದ ಕೆಲಸ ಸಾಕು. ಕೊಡುವ ಮೊದಲು ನಿಮ್ಮ ತಂಡದ ಒಬ್ಬರು ಗಡಿಯಾರ ಇಟ್ಟುಕೊಂಡು ಅದನ್ನು ಬರೆದು ನೋಡಲಿ. ಅವರಿಗೇ ಒಂದೂವರೆ ಗಂಟೆ ಹಿಡಿದರೆ ಹೊಸಬರಿಗೆ ಇನ್ನೂ ಜಾಸ್ತಿ ಬೇಕು, ಕೆಲಸ ಕಡಿಮೆ ಮಾಡಿ. ಬರೆದವರಿಗೆ ದುಡ್ಡು ಕೊಡಿ. ಕೊಡಲಾಗದಿದ್ದರೆ, ಕಂಪನಿ ಬಳಸಿಕೊಳ್ಳಲು ಬಾರದ ವಿಷಯವನ್ನೇ ಕೊಡಿ. ಕೆಲಸ ಹುಡುಕುತ್ತಿರುವವರಿಂದ ಪುಕ್ಕಟೆ ಬರೆಸಿಕೊಂಡು ಸೈಟಿಗೆ ಹಾಕುವುದು ಅನ್ಯಾಯ.

ಕಚ್ಚಾ ಸಾಮಗ್ರಿ ಕೊಡಿ, ಅದರಲ್ಲಿ ಒಂದು ಗಂಟು ಇರಲಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. 'ಯುಪಿಐ ಬಗ್ಗೆ ಬರೆಯಿರಿ' ಎಂದರೆ ಇಂಟರ್‌ನೆಟ್ಟಿನಲ್ಲಿರುವುದೇ ತಿರುಗಿ ಬರುತ್ತದೆ. ಎರಡನೇ ಸಲ ನಾವು ಕೊಟ್ಟ ವಿಷಯ 'ಖಾತೆಯಿಂದ ಹಣ ಹೋಯಿತು, ಆದರೆ ತಲುಪಲಿಲ್ಲ'. ಜೊತೆಗೆ ಗ್ರಾಹಕರು ಬರೆದಂತೆ ನಾವೇ ತಯಾರಿಸಿದ ಮೂರು ದೂರುಗಳು, ಮತ್ತು ಪೇಮೆಂಟ್ ತಂಡದ್ದು ಎನ್ನುವಂಥ ಅರ್ಧ ಪುಟದ ಟಿಪ್ಪಣಿ.

ಟಿಪ್ಪಣಿಯ ಒಂದು ಕಡೆ 'ಟಿ ಪ್ಲಸ್ 1ರೊಳಗೆ ಹಣ ವಾಪಸ್' ಎಂದಿತ್ತು, ಇನ್ನೊಂದು ಕಡೆ 'ಟಿ ಪ್ಲಸ್ 5'. ಯಾವುದು ಯಾವಾಗ ಎಂದು ಬೇಕೆಂದೇ ಹೇಳಿರಲಿಲ್ಲ. ಎರಡೂ ನಿಜವೇ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ಒಬ್ಬರು ಇನ್ನೊಬ್ಬರ ಖಾತೆಗೆ ಕಳಿಸಿದ ಹಣ ಜಮಾ ಆಗದಿದ್ದರೆ ಮಾರನೇ ದಿನದೊಳಗೆ ತಾನಾಗಿ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟ ಹಣದ ಖಾತ್ರಿ ಅಂಗಡಿಗೆ ಸಿಗದಿದ್ದರೆ ಐದು ದಿನದವರೆಗೆ ಅವಕಾಶವಿದೆ. ಗಡುವು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದನ್ನು ಗ್ರಾಹಕ ಕೇಳದೆಯೇ ಕೊಡಬೇಕು. 'ಟಿ' ಅಂದರೆ ವಹಿವಾಟು ನಡೆದ ದಿನ. ಅದು ಕ್ಯಾಲೆಂಡರ್ ದಿನ, ಬ್ಯಾಂಕಿನ ಕೆಲಸದ ದಿನವಲ್ಲ.

ದೂರುಗಳಲ್ಲಿ ಎರಡು ಅಂಗಡಿಯವು, ಒಂದು ತಮ್ಮನಿಗೆ ಕಳಿಸಿದ ಹಣದ್ದು. ಗಮನವಿಟ್ಟು ಓದಿದವರಿಗೆ ಗಂಟು ಕೈಗೆ ಸಿಗುತ್ತದೆ. ಬಿಡಿಸಲೇಬೇಕು ಎಂದಿಲ್ಲ, 'ಇಲ್ಲಿ ಏನೋ ಹೊಂದುತ್ತಿಲ್ಲ' ಎಂದು ಕೇಳಿದರೂ ಆಯಿತು.

ಬರಹದ ಜೊತೆ ಐದಾರು ಸಾಲಿನ ಒಂದು ಚೀಟಿಯನ್ನೂ ಕೇಳಿ. ಏನನ್ನು ಬಿಟ್ಟಿರಿ? ಪೇಮೆಂಟ್ ತಂಡ ಎದುರಿಗಿದ್ದರೆ ಏನು ಕೇಳುತ್ತಿದ್ದಿರಿ? ಇದರ ಮೇಲೆ ನಲವತ್ತು ನಿಮಿಷದ ಮಾತುಕತೆ ಇರುತ್ತದೆ ಎಂದು ಮೊದಲ ಮೇಲ್‌ನಲ್ಲೇ ತಿಳಿಸಿಬಿಡಿ. ಮುಚ್ಚಿಟ್ಟು ಆಮೇಲೆ ಕರೆದರೆ ಅಭ್ಯರ್ಥಿಗೆ ಬಲೆಯಂತೆ ಅನ್ನಿಸುತ್ತದೆ.

ಹೆಸರು ಮರೆಮಾಡಿ, ಬೇರೆ ಬೇರೆಯಾಗಿ ಓದಿ

ಇಬ್ಬರು ಓದಬೇಕು. ಒಬ್ಬರ ಅಂಕ ಇನ್ನೊಬ್ಬರಿಗೆ ಗೊತ್ತಿರಬಾರದು. ಅಂಕ ಬರೆದಿಟ್ಟ ಮೇಲಷ್ಟೇ ಕೂತು ಚರ್ಚಿಸಿ, ಮುಂದಿನ ಹಂತಕ್ಕೆ ನಾಲ್ಕೈದು ಜನರನ್ನು ಆರಿಸಿ.

ಮಾತುಕತೆ

ಬರಹ ಕಳಿಸಿದ ಮೂರು ದಿನದೊಳಗೆ ಇಟ್ಟುಕೊಳ್ಳಿ. ತಡವಾದರೆ ಸ್ವತಃ ಬರೆದವರಿಗೂ ಯಾಕೆ ಹಾಗೆ ಬರೆದೆ ಎಂಬುದು ಮರೆತುಹೋಗುತ್ತದೆ, ಆಗ ನೀವು ಅವರನ್ನು ತಪ್ಪಾಗಿ ಅಳೆಯುತ್ತೀರಿ. ಬರಹ ಇಬ್ಬರ ಮುಂದೆಯೂ ತೆರೆದಿರಲಿ, ಇದು ಬಾಯಿಪಾಠದ ಪರೀಕ್ಷೆಯಲ್ಲ.

ಮೊದಲ ಹದಿನೈದು ನಿಮಿಷ ಬರಹದ ಬಗ್ಗೆ ಮಾತಾಡಿ. 'ಯಾವ ಸಾಲಿಗೆ ಜಾಸ್ತಿ ಹೊತ್ತು ಹಿಡಿಯಿತು?', 'ಬರೆದು ಅಳಿಸಿದ್ದು ಏನಾದರೂ ಇದೆಯಾ?' ಎಂದು ಕೇಳಿ. 'ಓದುಗರಿಗೆ ಸರಳವಾಗಿರಲಿ ಅಂತ ಹೀಗೆ ಬರೆದೆ' ಎಂಬ ಉತ್ತರ ಬಂದರೆ ಅಲ್ಲೇ ನಿಲ್ಲಬೇಡಿ. ಯಾವ ಸಾಲು, ಮೊದಲು ಹೇಗಿತ್ತು ಎಂದು ಕೇಳಿ. ಬರಹದ ಒಳಗೆ ಓಡಾಡಿದವರು ಸಾಲಿಗೆ ಬೆರಳಿಟ್ಟು ತೋರಿಸುತ್ತಾರೆ. ಓಡಾಡದವರು ಮತ್ತೆ ಅದೇ ಸಾಮಾನ್ಯ ಮಾತಿಗೆ ಮರಳುತ್ತಾರೆ.

ಆಮೇಲೆ ಒಂದು ಹೊಸ ಸಂಗತಿ ಕೊಡಿ. 'ಈ ಪುಟವನ್ನು ಓದುವವರು ಅಂಗಡಿ ಮಾಲೀಕರು ಎಂದಿಟ್ಟುಕೊಳ್ಳಿ. ಮೊದಲ ಪ್ಯಾರಾ ಬದಲಿಸಿ' ಎಂದು ನಾವು ಕೇಳಿದೆವು. ಇದಕ್ಕೆ ಹದಿನೈದು ನಿಮಿಷ. ಆ ಹೊತ್ತಿನಲ್ಲಿ ನಿಮ್ಮ ಕ್ಯಾಮೆರಾ, ಮೈಕ್ ಎರಡೂ ಆಫ್ ಮಾಡಿ. ಯಾರೋ ಹೆಗಲ ಮೇಲಿಂದ ಇಣುಕುತ್ತಿದ್ದರೆ ಬರೆಯಲು ಆಗುವುದಿಲ್ಲ, ಅಲ್ವಾ? ಉಳಿದ ಹತ್ತು ನಿಮಿಷ ಅವರ ಪ್ರಶ್ನೆಗಳಿಗೆ.

ನಮ್ಮಲ್ಲಿ ಇಬ್ಬರು ಕೊನೆಗೆ ಉಳಿದರು. ಒಬ್ಬರ ಬರಹ ನುಣುಪಾಗಿತ್ತು, 'ಐದು ಕೆಲಸದ ದಿನಗಳಲ್ಲಿ ಹಣ ಮರಳುತ್ತದೆ' ಎಂದು ಖಚಿತವಾಗಿ ಬರೆದಿದ್ದರು. 'ಕೆಲಸದ ದಿನ' ಎಂದು ಯಾಕೆ ಬರೆದಿರಿ ಎಂದಾಗ 'ಸಾಮಾನ್ಯವಾಗಿ ಹಾಗೇ ಇರುತ್ತದೆ' ಎಂದರು. ತಮ್ಮನಿಗೆ ಕಳಿಸಿದ ಹಣದ ದೂರನ್ನು ತೋರಿಸಿದರೂ ಅವರ ಉತ್ತರ ಬದಲಾಗಲಿಲ್ಲ. ಇನ್ನೊಬ್ಬರ ವಾಕ್ಯಗಳು ಒರಟಾಗಿದ್ದವು, ಎರಡು ಕಡೆ ಕಾಗುಣಿತವೂ ತಪ್ಪಿತ್ತು. ಆದರೆ ಚೀಟಿಯಲ್ಲಿ 'ಒಂದು ದಿನವೋ ಐದು ದಿನವೋ ಗೊತ್ತಾಗಲಿಲ್ಲ. ಅಂಗಡಿಗೆ ಬೇರೆ ಲೆಕ್ಕ ಇರಬಹುದು, ಕೇಳಬೇಕು' ಎಂದಿತ್ತು. ಮಾತುಕತೆಯಲ್ಲಿ ನಾವು ನಿಯಮ ಹೇಳಿದ ಕೂಡಲೇ ಅವರು ಪುಟವನ್ನು ಎರಡು ಭಾಗ ಮಾಡಿದರು. 'ಹಣ ಯಾರಿಗೆ ಕಳಿಸಿದ್ದಿರಿ?' ಎಂಬ ಪ್ರಶ್ನೆಯನ್ನು ಮೇಲಕ್ಕೆ ತಂದರು. ಕೆಲಸ ಅವರಿಗೆ ಸಿಕ್ಕಿತು. ಬರಹದ ಅಂಕವನ್ನಷ್ಟೇ ನೋಡಿದ್ದರೆ ಅವರು ಎರಡನೆಯವರಾಗಿಯೇ ಉಳಿಯುತ್ತಿದ್ದರು.

ಎಲ್ಲಿ ಕೆಡುತ್ತದೆ?

ಚೆನ್ನಾಗಿ ಮಾತಾಡುವವರು ಚೆನ್ನಾಗಿ ಬರೆಯುವವರಂತೆ ಕಾಣುವ ಅಪಾಯವಿದೆ. ಹಾಗಾಗಿ ಮಾತಿನ ಓಘಕ್ಕೆ ಅಂಕ ಬೇಡ. ನಾವು ಅಂಕ ಕೊಟ್ಟದ್ದು ಮೂರಕ್ಕೆ ಮಾತ್ರ: ತನ್ನ ಆಯ್ಕೆಗೆ ಕಾರಣ ಹೇಳಿದರೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೇ, ಹೊಸ ಸಂಗತಿ ಬಂದಾಗ ಬರಹದ ಸರಿಯಾದ ಜಾಗವನ್ನು ಬದಲಿಸಿದರೇ. ಪ್ರತಿಯೊಂದಕ್ಕೂ ಸೊನ್ನೆ, ಒಂದು, ಎರಡು ಎಂದರೇನು ಎಂಬುದನ್ನು ಮೊದಲೇ ಬರೆದಿಟ್ಟಿದ್ದೆವು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ. ಉತ್ತರ ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಅದು ಅವರಿಷ್ಟ. ಉಗ್ಗು ಇರುವವರು ಅಥವಾ ಕರೆಯಲ್ಲಿ ಕಂಗಾಲಾಗುವವರು ಕೇಳಿದರೆ ಮೊದಲರ್ಧವನ್ನು ಚಾಟ್‌ನಲ್ಲಿ ಟೈಪ್ ಮಾಡಿ ನಡೆಸಬಹುದು, ಅಳೆಯುವ ವಸ್ತು ಬದಲಾಗುವುದಿಲ್ಲ.

ಇನ್ನೊಂದು ತೊಡಕು ವಿಚಾರಣೆಯ ದನಿ. 'ಇದನ್ನು ನೀವೇ ಬರೆದಿರಾ?' ಎಂದು ಯಾವತ್ತೂ ಕೇಳಬೇಡಿ. ಪ್ರಾಮಾಣಿಕರಿಗೆ ನೋವಾಗುತ್ತದೆ, ಉಳಿದವರು ಹೌದು ಎನ್ನುತ್ತಾರೆ. ಬೇರೆಯವರ ನೆರವು ಪಡೆದವರೂ ಪ್ರತಿ ಸಾಲಿಗೂ ಕಾರಣ ಹೇಳಿ, ಎದುರಿಗೇ ತಿದ್ದಿ ತೋರಿಸಿದರೆ ಅವರಿಗೆ ಕೆಲಸ ಗೊತ್ತಿದೆ ಎಂದೇ ಅರ್ಥ. ಆ ಅಂಕವನ್ನು ಅವರಿಗೆ ಕೊಡಿ.

ಐದು ಜನರ ಮಾತುಕತೆಗೆ ಇಬ್ಬರ ಅರ್ಧ ದಿನ ಬೇಕು. ಆಯ್ಕೆಯಾಗದವರಿಗೆ ಯಾವ ಸಾಲು ಇಷ್ಟವಾಯಿತು, ಎಲ್ಲಿ ತಪ್ಪಿತು ಎಂದು ಎರಡು ಮಾತು ಬರೆದು ಕಳಿಸಲು ಇನ್ನೊಂದು ಗಂಟೆ. ಅಂಕಪಟ್ಟಿ ಕೈಯಲ್ಲೇ ಇರುವುದರಿಂದ ಅದನ್ನು ಅದೇ ಸಂಜೆ ಮುಗಿಸಿಬಿಡಬಹುದು.