ರೋಶ್ ಹಶಾನಾ ಊಟಕ್ಕೆ ಮೊದಲ ಸಲ ಹೊರಟಿದ್ದೀರಾ?

ಇಸ್ರೇಲಿಗೆ ಓದಲೋ ಕೆಲಸಕ್ಕೋ ಬಂದ ಮೊದಲ ವರ್ಷವೇ ಯಾರಾದರೂ ನಿಮ್ಮನ್ನು ಯಹೂದಿ ಹೊಸ ವರ್ಷವಾದ ರೋಶ್ ಹಶಾನಾದ ಊಟಕ್ಕೆ ಕರೆಯುತ್ತಾರೆ. ಖಂಡಿತ ಹೋಗಿ. 2026ರಲ್ಲಿ ರೋಶ್ ಹಶಾನಾ ಸೆಪ್ಟೆಂಬರ್ 11, ಶುಕ್ರವಾರ ಸಂಜೆ ಶುರು. ಇಲ್ಲಿ ದಿನ ಶುರುವಾಗುವುದೇ ಸೂರ್ಯ ಮುಳುಗಿದ ಮೇಲೆ. ಹಬ್ಬ ಎರಡು ದಿನ.

ಮೇಜಿನ ಮೇಲೆ ಪುಟ್ಟ ಪುಟ್ಟ ಬಟ್ಟಲುಗಳು ಸಾಲಾಗಿರುತ್ತವೆ. ಇವಕ್ಕೆ 'ಸಿಮಾನಿಮ್' ಅಂತಾರೆ, ಅಂದರೆ ಗುರುತುಗಳು. ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುವುದು ಯಾಕೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ, ವರ್ಷ ಸಿಹಿಯಾಗಿರಲಿ ಅಂತ. ಹಬ್ಬದ ಬ್ರೆಡ್ಡು 'ಹಲ್ಲಾ' ಈ ಸಲ ದುಂಡಗಿರುತ್ತದೆ, ಉಪ್ಪಿನ ಬದಲು ಜೇನಿಗೆ ಅದ್ದುತ್ತಾರೆ. ನಮ್ಮ ಯುಗಾದಿಯ ಬೇವು ಇಲ್ಲಿಲ್ಲ, ಬೆಲ್ಲ ಮಾತ್ರ. ಎಷ್ಟೋ ಮನೆಗಳಲ್ಲಿ ಈ ರಾತ್ರಿ ಹುಳಿ, ಕಹಿ ಮುಟ್ಟುವುದೂ ಇಲ್ಲ.

ಉಳಿದ ಬಟ್ಟಲುಗಳಲ್ಲಿರುವುದೆಲ್ಲ ಪದದಾಟ. ಕುಂಬಳ, ಅಲಸಂದೆ, ಲೀಕ್ ಅನ್ನುವ ಈರುಳ್ಳಿ ಜಾತಿಯ ಸೊಪ್ಪು, ಬೀಟ್‌ರೂಟ್ ಸೊಪ್ಪು, ಖರ್ಜೂರ, ಈ ಐದರ ಪಟ್ಟಿ ಯಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮುದ್‌ನಲ್ಲೇ ಇದೆ. ಖರ್ಜೂರ 'ತಮಾರ್'. 'ಯಿತ್ತಮ್ಮು' ಅಂದರೆ ಮುಗಿದು ಹೋಗಲಿ. ಹಾಗಾಗಿ ಖರ್ಜೂರ ಕೈಯಲ್ಲಿ ಹಿಡಿದು 'ನಮ್ಮ ಶತ್ರುಗಳು ಮುಗಿದು ಹೋಗಲಿ' ಅಂತ ಬೇಡುತ್ತಾರೆ. ಬೀಟ್ ಸೊಪ್ಪು 'ಸಿಲ್ಕಾ', ಅದಕ್ಕೆ ಹೊಂದುವ ಕ್ರಿಯಾಪದದ ಅರ್ಥ 'ತೊಲಗಲಿ'. ಅಲಸಂದೆಗೆ 'ರುಬಿಯಾ', ಅದು 'ಹೆಚ್ಚಲಿ' ಅನ್ನುವುದಕ್ಕೆ ಹತ್ತಿರ, ನಮ್ಮ ಪುಣ್ಯ ಹೆಚ್ಚಲಿ ಅಂತ. ರುಬಿಯಾ ಅಂದರೆ ಮೆಂತ್ಯ ಅಂದವರೂ ಇದ್ದಾರೆ.

ನನ್ನ ಮೊದಲ ವರ್ಷ ಮನೆಯಜಮಾನಿ 'ನಿಮ್ಮ ಭಾಷೆಯಲ್ಲಿ ಒಂದು ಹೇಳಿ' ಅಂದರು. ಕುಂಬಳದ ಬಟ್ಟಲಿಗೆ ಅವರು ಸೋರೆಕಾಯಿ ಹಾಕಿದ್ದರು. 'ಸೋರೆಕಾಯಿ ತಿಂದು ಕಷ್ಟವೆಲ್ಲ ಸೋರಿ ಹೋಗಲಿ' ಅಂದೆ. ಅರ್ಥ ಬಿಡಿಸಿ ಹೇಳಿದ ಮೇಲೆ ಮೇಜೆಲ್ಲ ನಕ್ಕಿತು. ಇಂಥ ಒಂದನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ, ಹೇಗೂ ಕೇಳ್ತಾರೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಮೀನಿನ ತಲೆ ಬರಬಹುದು, ಕೆಲವು ಮನೆಗಳಲ್ಲಿ ಟಗರಿನ ತಲೆ. 'ರೋಶ್' ಅಂದರೆ ತಲೆ. 'ನಾವು ತಲೆಯಾಗಿರೋಣ, ಬಾಲವಾಗೋದು ಬೇಡ' ಅನ್ನುವುದು ಅದರ ಪ್ರಾರ್ಥನೆ. ಎರಡು ದಿನ ಮುಂಚೆಯೇ ಹೇಳಿಬಿಡಿ. ಎಲೆಕೋಸನ್ನೋ ಬೆಳ್ಳುಳ್ಳಿಯ ಇಡೀ ಗಡ್ಡೆಯನ್ನೋ ತಲೆ ಅಂತ ಇಡುವವರೂ ಇದ್ದಾರೆ.

ಮನೆಯಲ್ಲಿ ಮಾಡಿದ ಚಕ್ಕುಲಿ, ಹೋಳಿಗೆ ಒಯ್ಯಬೇಡಿ. ಕೋಷರ್ ಅನ್ನುವ ಯಹೂದಿ ಆಹಾರ ನಿಯಮ ಪಾಲಿಸುವ ಮನೆಯಲ್ಲಿ ಅದನ್ನು ಬಡಿಸಲಾಗದೆ ಅವರೇ ಮುಜುಗರಪಡುತ್ತಾರೆ. ಕೋಷರ್ ಮುದ್ರೆ ಇರುವ ಜೇನಿನ ಬಾಟಲಿ ಸಾಕು, ಅದನ್ನೂ ಕತ್ತಲಾಗುವ ಮುಂಚೆ ಕೊಡಿ. ಸಂಪ್ರದಾಯಸ್ಥರ ಮನೆಯಾದರೆ ಕರೆಗಂಟೆ ಒತ್ತದೆ ಬಾಗಿಲು ತಟ್ಟಿ, ಫೋನ್ ಹೊರಗೆ ತೆಗೆಯಬೇಡಿ, ತೆರೆದ ವೈನ್ ಬಾಟಲಿಯಿಂದ ನೀವೇ ಬಗ್ಗಿಸಿಕೊಳ್ಳಬೇಡಿ. ಕೈ ತೊಳೆದು ಬಂದವರು ಬ್ರೆಡ್ ತುಂಡು ಬಾಯಿಗೆ ಹಾಕುವವರೆಗೆ ಮಾತಾಡುವುದಿಲ್ಲ. ಇದು ಗೊತ್ತಿಲ್ಲದೆ ನಾನು ಪಕ್ಕದವರನ್ನು 'ನೀವೆಲ್ಲಿ ಕೆಲಸ ಮಾಡೋದು?' ಅಂತ ಮೂರು ಸಲ ಕೇಳಿದೆ. ಪಾಪ, ಅವರು ಕೈಸನ್ನೆಯಲ್ಲೇ ಒದ್ದಾಡಿದರು.

ಟಗರಿನ ಕೊಂಬು, 'ಶೋಫಾರ್', ಮೊಳಗುವುದು ಯಹೂದಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ, ಹಗಲು ಹೊತ್ತು. ದನದ ಕೊಂಬು ಬಳಸುವುದಿಲ್ಲ, ಅದು ಬೈಬಲ್‌ನಲ್ಲಿ ಬರುವ, ಚಿನ್ನದ ಕರುವನ್ನು ಪೂಜಿಸಿದ ಪಾಪವನ್ನು ನೆನಪಿಸುತ್ತದೆ ಅಂತ. 'ತೆಕಿಯಾ' ಒಂದೇ ಎಳೆಯ ಉದ್ದ ದನಿ. 'ಶೆವಾರಿಮ್' ಮೂರು ತುಂಡು, ನಿಟ್ಟುಸಿರಿನ ಹಾಗೆ. 'ತೆರುವಾ' ಒಂಬತ್ತು ಚಿಕ್ಕ ತುಂಡು, ಬಿಕ್ಕಿ ಅಳುವ ಹಾಗೆ. ಬೈಬಲ್ ಹೇಳುವ 'ತೆರುವಾ' ನಿಟ್ಟುಸಿರೋ ಬಿಕ್ಕೋ ಅನ್ನುವ ಅನುಮಾನ ಹಿಂದೆಯೇ ಬಂದಿತ್ತು. ಹಾಗಾಗಿ ಒಂದು ಸಲ ಇದು, ಒಂದು ಸಲ ಅದು, ಮತ್ತೊಂದು ಸಲ ಎರಡೂ ಸೇರಿಸಿ ಊದುತ್ತಾರೆ. ಒಟ್ಟು 100 ಊದುವುದು ಈಗಿನ ರೂಢಿ. ಕೊಂಬಿಗೆ ಮುಂಚಿನ ಪ್ರಾರ್ಥನೆ ಶುರುವಾದ ಮೇಲೆ ಸುಮ್ನೆ ನಿಂತಿರಿ, ಮುಗಿದಾಗ ಚಪ್ಪಾಳೆ ಬೇಡ.

ಶಬ್ಬತ್ ದಿನ, ಅಂದರೆ ಶನಿವಾರ, ಕೊಂಬು ಊದುವುದಿಲ್ಲ. 2026ರಲ್ಲಿ ಮೊದಲ ದಿನ ಶನಿವಾರವೇ ಬಿದ್ದಿದೆ. ಕೊಂಬು ಕೇಳಬೇಕಾದರೆ 13ರ ಭಾನುವಾರ ಬೆಳಿಗ್ಗೆ ಹೋಗಿ. ಬಹುತೇಕ ಊರುಗಳಲ್ಲಿ ಆ ಎರಡೂ ದಿನ ಬಸ್ಸಿಲ್ಲ, ನಡೆಯುವಷ್ಟು ದೂರದ ಸಿನಗಾಗ್ ನೋಡಿಕೊಳ್ಳಿ. ಊಟ ಮುಗಿಸಿ ವಾಪಸ್ ಹೋಗುವುದು ಹೇಗೆ ಅನ್ನುವುದನ್ನೂ ಶುಕ್ರವಾರ ಮಧ್ಯಾಹ್ನವೇ ಯೋಚಿಸಿ.

ಶುಭಾಶಯಕ್ಕೆ 'ಶನಾ ತೊವಾ' ಸಾಕು, ಒಳ್ಳೆಯ ವರ್ಷ ಅಂತ. 'ಶನಾ ತೊವಾ ಉಮೆತುಕಾ' ಅಂದರೆ ಒಳ್ಳೆಯ, ಸಿಹಿಯಾದ ವರ್ಷ. ಹಬ್ಬದ ಎಷ್ಟೋ ದಿನ ಮುಂಚಿನಿಂದಲೇ ತರಕಾರಿ ಅಂಗಡಿಯವರೂ ಹೇಳ್ತಾರೆ. ಉತ್ತರ ಗಂಡಸಿಗೆ 'ಗಮ್ ಲೆಖಾ', ಹೆಂಗಸಿಗೆ 'ಗಮ್ ಲಾಖ್', ನಿಮಗೂ ಹಾಗೇ ಅಂತ. ಹಬ್ಬ ಕಳೆದ ಮೇಲೆ ಮಾತು ಬದಲಾಗುತ್ತದೆ. ವರ್ಷದ ಹಣೆಬರಹ ರೋಶ್ ಹಶಾನಾ ದಿನ ಬರೆದು, ಆಮೇಲೆ ಬರುವ ಪ್ರಾಯಶ್ಚಿತ್ತದ ಹಬ್ಬ ಯೋಮ್ ಕಿಪುರ್ ದಿನ ಮುದ್ರೆ ಒತ್ತುತ್ತಾರೆ ಅನ್ನುವ ನಂಬಿಕೆ. ಅದಕ್ಕೇ ಆ ನಡುವಿನ ದಿನಗಳಲ್ಲಿ 'ಗ್ಮಾರ್ ಖತಿಮಾ ತೊವಾ', ಕೊನೆಯ ಮುದ್ರೆ ಒಳ್ಳೆಯದಾಗಲಿ, ಅಂತ ಹೇಳಬೇಕು. ಊಟಕ್ಕೆ ಕರೆದವರಿಗೆ ಆ ವಾರ ಥ್ಯಾಂಕ್ಸ್ ಮೆಸೇಜ್ ಕಳಿಸುವಾಗ ಕೊನೆಗೆ ಇದನ್ನೇ ಹಾಕಿ.