ಕಣ ಬಿಟ್ಟುಕೊಟ್ಟೆ, ಮೂಟೆ ಕಟ್ಟುವ ಮಾತು ಇಟ್ಟುಕೊಂಡೆ

ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು ನಾನು. ಅದೇ ತೋಟಕ್ಕೆ ಮ್ಯಾನೇಜರ್ ಆದಾಗ ಕೊಯ್ಲು ಶುರುವಾಗಿತ್ತು. ಹಾಜರಿ, ಹಣ್ಣಿನ ತೂಕ, ಪಲ್ಪರ್, ಕಣ, ಬಟವಾಡೆ, ಲಾರಿ, ಸಾಹುಕಾರರ ಫೋನು, ಎಲ್ಲಾ ಒಟ್ಟಿಗೆ ತಲೆ ಮೇಲೆ. ಒಂದು ಸಂಜೆ ಕೂತು ಎಲ್ಲವನ್ನೂ ಹಾಳೆ ಮೇಲೆ ಬರೆದೆ. ಪ್ರತಿ ಕೆಲಸದ ಎದುರೂ ಒಂದೇ ಪ್ರಶ್ನೆ: ಇಲ್ಲಿ ತಪ್ಪಾದರೆ ಮಾರನೇ ದಿನ ಸರಿ ಮಾಡಬಹುದಾ?

ತೂಕದ ಕೆಲಸವನ್ನು ಸುಲಭವಾಗಿ ಬಿಟ್ಟುಕೊಟ್ಟೆ. ರೈಟರ್ ತೂಗುವಾಗ ಹಣ್ಣು ಕೊಯ್ದವರೇ ಎದುರಿಗೆ ನಿಂತು ಮುಳ್ಳು ನೋಡುತ್ತಾರೆ. ಅರ್ಧ ಕೆಜಿ ಕಮ್ಮಿ ಬರೆದರೂ ಅಲ್ಲೇ ಗಲಾಟೆ. ನಾನು ಮೂರನೆಯವನಾಗಿ ನಿಲ್ಲೋದು ಯಾಕೆ? ಬಟವಾಡೆ ಮಾತ್ರ ನನ್ನ ಹತ್ತಿರವೇ ಉಳಿಯಿತು. ಸಾಹುಕಾರರು ದುಡ್ಡು ಕೊಟ್ಟಿದ್ದು ನನ್ನನ್ನು ನಂಬಿ, ಅದನ್ನು ಇನ್ನೊಬ್ಬರಿಗೆ ದಾಟಿಸುವ ಹಕ್ಕು ನನಗಿಲ್ಲ.

ತಲೆ ಕೆಡಿಸಿದ್ದು ಕಣ. ಪಲ್ಪರಿನಲ್ಲಿ ಹಣ್ಣಿನ ಸಿಪ್ಪೆ ತೆಗೆದ, ಒಳಸಿಪ್ಪೆ ಇನ್ನೂ ಇರೋ ಕಾಫಿ ಬೀಜಕ್ಕೆ ಪಾರ್ಚ್‌ಮೆಂಟ್ ಅಂತಾರೆ. ಪಾರ್ಚ್‌ಮೆಂಟ್ ಒಣಗಿಸೋದಕ್ಕೆ ದಿನವಿಡೀ ಕಣ್ಣು ಬೇಕು. ತೆಳುವಾಗಿ ಹರವಬೇಕು, ಗಂಟೆಗೊಂದು ಸಲವಾದರೂ ರೇಕ್ ಎಳೆಯಬೇಕು, ಸಂಜೆ ಮಂಜು ಇಳಿಯೋ ಮುಂಚೆ ಟಾರ್ಪಾಲು ಹೊದಿಸಬೇಕು. ಹಸಿ ಉಳಿದರೆ ನಾಳೆ ಮತ್ತೆ ಹರವಬಹುದು. ಹಸಿಯಾಗಿಯೇ ಮೂಟೆ ಕಟ್ಟಿದರೆ ಗೋಡೌನಿನಲ್ಲಿ ಬೂಸ್ಟು. ಜಾಸ್ತಿ ಒಣಗಿದರೆ ಕಾಳು ಒಡೆಯುತ್ತೆ, ತೂಕವೂ ಹೋಗುತ್ತೆ, ಅದು ವಾಪಸ್ ಬರಲ್ಲ. ಅಂದರೆ ಕಣದ ಕೆಲಸ ಒಂದೇ ಅಲ್ಲ, ಎರಡು. ಒಣಗಿಸೋದು ತಿದ್ದಿಕೊಳ್ಳಬಹುದಾದ ಕೆಲಸ. ಸಾಕು, ಮೂಟೆ ಕಟ್ಟಿ ಅನ್ನೋದು ತಿದ್ದಲಾಗದ್ದು. ಮೊದಲನೆಯದನ್ನು ಪೂರ್ತಿ ಕಣದ ಮೇಸ್ತ್ರಿಗೆ ಕೊಟ್ಟೆ. ಎರಡನೆಯದು ನನ್ನದು.

ಮೇಸ್ತ್ರಿ ನನಗಿಂತ ಹಿರಿಯ ಹೆಂಗಸು, ಕಣದಲ್ಲೇ ಕೂದಲು ಬೆಳ್ಳಗಾದವರು. ಅವರಿಗೆ ಒಣಗಿಸೋದನ್ನು ಕಲಿಸೋಕೆ ನಾನು ಯಾರು. ಹೇಳಬೇಕಾಗಿದ್ದು ಎಲ್ಲಿವರೆಗೆ ಮಾತು ಅವರದು ಅನ್ನೋದನ್ನು. "ಯಾವ ರಾಶಿ ಎಲ್ಲಿ ಹರವಬೇಕು, ಯಾವಾಗ ಮುಚ್ಚಬೇಕು, ಎಷ್ಟು ಆಳು ಬೇಕು, ನೀವೇ ನೋಡಿಕೊಳ್ಳಿ. ನನ್ನ ಕೇಳಬೇಡಿ. ಮೀಟರ್ ಹತ್ತರ ಹತ್ತಿರ ಬಂದಾಗ ಮಾತ್ರ ಕರೆಯಿರಿ" ಅಂದೆ. ಪಾರ್ಚ್‌ಮೆಂಟಿಗೆ ನಾವು ಹಿಡಿಯೋ ತೇವಾಂಶ ಶೇಕಡಾ 10.

ಒಂದು ಪುಸ್ತಕ ಇಟ್ಟೆವು. ರಾಶಿಯ ನಂಬರು, ಹರವಿದ ದಿನ, ಸಂಜೆಯ ಮೀಟರ್, ವಿಶೇಷ ಏನಾದರೂ ಇದ್ದರೆ ಒಂದು ಸಾಲು. ಅಷ್ಟೇ. ಖಾನೆ ಜಾಸ್ತಿ ಮಾಡಿದರೆ ಪುಸ್ತಕ ತುಂಬಿಸೋದೇ ಒಂದು ಕೆಲಸ ಆಗುತ್ತೆ. ನಾನು ಕಣಕ್ಕೆ ಹೋಗೋದು ಸಂಜೆ ನಾಲ್ಕಕ್ಕೆ ಮಾತ್ರ, ಅದು ಅವರಿಗೂ ಗೊತ್ತು. ಹೊತ್ತಲ್ಲದ ಹೊತ್ತಲ್ಲಿ ಹೋಗಿ ನಿಂತರೆ ಆಳುಗಳು ಮೇಸ್ತ್ರಿ ಮುಖ ಬಿಟ್ಟು ನನ್ನ ಮುಖ ನೋಡೋಕೆ ಶುರು ಮಾಡ್ತಾರೆ. ಅಲ್ಲಿಗೆ ಮೇಸ್ತ್ರಿ ಮಾತು ನಡೆಯಲ್ಲ.

ಕಷ್ಟ ಆಗಿದ್ದು ಆಫೀಸಿನ ಕಿಟಕಿಯಿಂದ. ಕಣ ಅಲ್ಲಿಂದ ಕಾಣುತ್ತೆ. ಒಂದು ಮಧ್ಯಾಹ್ನ ಮೂರನೇ ರಾಶಿಯ ಮೇಲೆ ಸಿಲ್ವರ್ ಓಕ್ ನೆರಳು ಬಿದ್ದಿತ್ತು, ಯಾರೂ ಸರಿಸಿರಲಿಲ್ಲ. ಕೂಗಿ ಹೇಳೋಣ ಅನ್ನಿಸಿತು. ಇದಕ್ಕೆ ಮುಂಚೆಯೇ ಒಂದು ಗೆರೆ ಹಾಕಿಕೊಂಡಿದ್ದೆ: ಮೋಡ ಕಟ್ಟಿ ಮಳೆ ಬರೋ ಹಾಗಿದ್ದರೆ ಕೂಗು, ಉಳಿದಿದ್ದಕ್ಕೆಲ್ಲ ನಾಲ್ಕು ಗಂಟೆವರೆಗೆ ಕಾಯಿ. ಒಣಗುತ್ತಿರೋ ಪಾರ್ಚ್‌ಮೆಂಟ್ ಮತ್ತೆ ನೆನೆದರೆ ಕೆಟ್ಟ ಹಾಗೆ, ನೆರಳಿಂದ ಅರ್ಧ ದಿನ ತಡವಾಗಬಹುದು ಅಷ್ಟೇ.

ನಾಲ್ಕಕ್ಕೆ ಪುಸ್ತಕ ನೋಡಿದೆ. ಪಕ್ಕದ ರಾಶಿ 11.5, ಮೂರನೆಯದು 14. ಎದುರಿಗೆ ರೈಟರ್ ಕೈಬರಹ, ಮೇಸ್ತ್ರಿ ಹೇಳಿ ಬರೆಸಿದ್ದು: "ನೆರಳು. ನಾಳೆ ಕೆಳಗಿನ ಕಣಕ್ಕೆ." ಯಾಕೆ ಇವತ್ತೇ ಮಾಡಲಿಲ್ಲ ಅಂತ ಕೇಳದೆ, "ಏನ್ ಮೇಸ್ತ್ರಿ, ಕೆಳಗೆ ಜಾಗ ಇದೆಯಾ?" ಅಂದೆ. "ಬೆಳಿಗ್ಗೆ ಒಂದನೇ ರಾಶಿ ಮೂಟೆ ಆಗುತ್ತಲ್ಲ ಸಾರ್, ಆಗ ಖಾಲಿ" ಅಂದರು. ಅವರ ಲೆಕ್ಕ ನನಗೆ ಕಿಟಕಿಯಿಂದ ಕಾಣೋದಾದರೂ ಹೇಗೆ.

ಪುಸ್ತಕವನ್ನೇ ನಂಬಿ ಕೂರಲೂ ಇಲ್ಲ. ದಿನಕ್ಕೆ ಒಂದೇ ರಾಶಿ ಆರಿಸಿ, ಐದಾರು ಕಡೆಯಿಂದ, ಅಡಿಯಿಂದಲೂ, ಕಾಳು ತೆಗೆದು ಬೆರೆಸಿ, ನೆರಳಲ್ಲಿ ಆರಲು ಬಿಟ್ಟು, ಸಿಪ್ಪೆ ಬಿಡಿಸಿ ನಾನೇ ಮೀಟರಿಗೆ ಹಾಕುತ್ತಿದ್ದೆ, ಮೇಸ್ತ್ರಿ ಎದುರಿಗೇ. ಇಬ್ಬರ ಅಂಕಿಯಲ್ಲಿ ಅರ್ಧ ಅಂಶ ಹೆಚ್ಚುಕಮ್ಮಿ ಬಂದರೆ ಮಾತಿಲ್ಲ. ಒಂದೂವರೆ ಬಂದರೆ ಒಟ್ಟಿಗೆ ಇನ್ನೊಮ್ಮೆ. ಹೆಚ್ಚಿನ ಸಲ ಕಾರಣ ಒಂದೇ, ಬರೀ ಮೇಲಿನ ಕಾಳು ತೆಗೆದಿರುತ್ತಿದ್ದರು. ಅಂಕಿ ಕೂಡುತ್ತಾ ಬಂದ ಹಾಗೆ ಈ ಪರೀಕ್ಷೆ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು ಸಲ ಆಯಿತು.

ಇನ್ನೊಂದು ತೊಂದರೆ ಬೇರೆ ದಿಕ್ಕಿಂದ ಬಂತು. ಶುರುವಿನಲ್ಲಿ ಮೇಸ್ತ್ರಿ ಎಲ್ಲದಕ್ಕೂ ಫೋನ್ ಮಾಡೋರು. "ಸಾರ್, ಟಾರ್ಪಾಲು ಹರಿದಿದೆ, ಏನ್ ಮಾಡ್ಲಿ?" ಉತ್ತರ ಕೊಟ್ಟರೆ ಕೆಲಸ ವಾಪಸ್ ನನ್ನ ಹತ್ತಿರ. "ನೀವೇನು ಮಾಡಬೇಕು ಅಂತಿದ್ದೀರಿ?" ಅಂತ ಕೇಳುತ್ತಿದ್ದೆ. ಉತ್ತರ ಅವರ ಹತ್ತಿರ ಇದ್ದೇ ಇರುತ್ತಿತ್ತು. ಆದರೆ ಹೊಸ ಟಾರ್ಪಾಲಿಗೆ ದುಡ್ಡು ಬೇಕಾದರೆ ಅದು ನನ್ನ ಕೆಲಸವೇ, ಅಲ್ಲಿ ಈ ಪ್ರಶ್ನೆ ಕೇಳಿದರೆ ಜಾರಿಕೊಂಡ ಹಾಗೆ ಆಗುತ್ತೆ.

ಮುಂದಿನ ಕೊಯ್ಲಿಗೆ ಮೂಟೆ ಕಟ್ಟುವ ಮಾತನ್ನೂ ಅವರಿಗೇ ಕೊಟ್ಟೆ. ಲಾರಿ ಚೀಟಿಗೆ ಸಹಿ ಮಾತ್ರ ಈಗಲೂ ನನ್ನದೇ.