ತೆಳುವಿಗೇ ಓಡುವ ಹುರಿ: ಕದಿರಿನ ಎಳೆ ಸರಿಮಾಡಿಕೊಂಡ ಬಗೆ

ತೂಗುಬಿಡುವ ಕದಿರಿನಲ್ಲಿ ಉಣ್ಣೆ ನೂಲಲು ಶುರು ಮಾಡಿದಾಗ ನನ್ನ ಎಳೆಯಲ್ಲಿ ಒಂದು ಕಡೆ ಮೆತ್ತನೆಯ ಉಬ್ಬು, ಅದರ ಪಕ್ಕದಲ್ಲೇ ತಂತಿಯ ಹಾಗೆ ಬಿಗಿದ ತೆಳು ಜಾಗ. ಇವು ಎರಡು ತೊಂದರೆಯಲ್ಲ, ಒಂದೇ. ಹುರಿ ಯಾವತ್ತೂ ತೆಳುವಾದ ಕಡೆಗೇ ಓಡುತ್ತದೆ. ಉಬ್ಬು ಗಟ್ಟಿಯಾಗಲಿ ಎಂದು ಕದಿರನ್ನು ಇನ್ನೊಂದು ಸಲ ತಿರುಗಿಸಿದರೆ, ಆ ಹುರಿಯೂ ತೆಳುವಿಗೇ ಸೇರುತ್ತದೆ.

ಹಾಗಾಗಿ ಮೊದಲು ಕದಿರನ್ನು ನಿಲ್ಲಿಸಿದೆ. ಒಂದಿಷ್ಟು ತಿರುಗಿಸಿ ಹುರಿ ತುಂಬಿಸಿ, ಕದಿರನ್ನು ಮೊಣಕಾಲ ಮಧ್ಯೆ ಹಿಡಿದು, ಆಮೇಲೆ ಎರಡೂ ಕೈಯಿಂದ ಉಣ್ಣೆ ಎಳೆಯುವುದು. ಕದಿರು ತಿರುಗುತ್ತಿರುವಾಗ ಉಬ್ಬು ಬಿಡಿಸಲು ಹೋದರೆ ಆ ಹೊತ್ತೆಲ್ಲ ಹುರಿ ಏರುತ್ತಲೇ ಇರುತ್ತದೆ. ಅತಿಯಾದ ಹುರಿಗೆ ಮುಖ್ಯ ಕಾರಣ ಇದೇ.

ಉಬ್ಬು ಬಿಡಿಸುವಾಗ ಕೈಗಳ ನಡುವಿನ ಅಂತರ ನೋಡಿಕೊಳ್ಳಬೇಕು. ನನ್ನ ಉಣ್ಣೆಯ ಕೂದಲು ಸುಮಾರು 8 ಸೆಂ.ಮೀ. ಉದ್ದ. ಉಬ್ಬಿನ ಎರಡೂ ಬದಿಯನ್ನು 5 ಸೆಂ.ಮೀ. ಅಂತರದಲ್ಲಿ ಹಿಡಿದು ಎಳೆದರೆ ಅದು ಕದಲುವುದಿಲ್ಲ, ಯಾಕೆಂದರೆ ಒಂದೇ ಕೂದಲಿನ ಎರಡು ತುದಿ ಎರಡು ಕೈಯಲ್ಲಿರುತ್ತವೆ. ಅಂತರವನ್ನು 10 ಸೆಂ.ಮೀ. ಮಾಡಿ, ಒಂದು ಕೈಯ ಬೆರಳುಗಳಲ್ಲಿ ಎಳೆಯನ್ನು ಹುರಿಯ ವಿರುದ್ಧಕ್ಕೆ ಹೊರಳಿಸಿ ನಿಧಾನವಾಗಿ ಎಳೆದೆ. ಬೆರಳಿಗೆ ಸಣ್ಣಗೆ ಜಾರಿದ ಹಾಗೆ ತಿಳಿಯುತ್ತದೆ. ಅಲ್ಲೇ ನಿಲ್ಲಿಸಿ ಹಿಡಿತ ಬಿಟ್ಟರೆ ಅಕ್ಕಪಕ್ಕದ ಹುರಿ ಬಂದು ಆ ಜಾಗದಲ್ಲಿ ಕೂರುತ್ತದೆ. ತೆಳುವಿನ ಬಿಗಿತವೂ ಅಷ್ಟೇ ಇಳಿಯುತ್ತದೆ.

ತೀರಾ ತೆಳುವಾದ ಜಾಗವನ್ನು ಮಾತ್ರ ಹೀಗೆ ದಪ್ಪ ಮಾಡಲಾಗದು. ಅದನ್ನು ಕಿತ್ತು, ಎರಡೂ ತುದಿಯ ಹುರಿ ಬಿಚ್ಚಿ ಹರಡಿ, ಒಂದರ ಮೇಲೊಂದಿಟ್ಟು ಮತ್ತೆ ಹುರಿ ಕೊಡುವುದೇ ಒಳ್ಳೆಯದು.

ಹುರಿ ಹೆಚ್ಚಾಗಿದೆಯೇ ಎಂದು ನೋಡಲು ಎಳೆಯನ್ನು ಸಡಿಲ ಬಿಡುತ್ತೇನೆ. ತಾನೇ ಮಡಚಿ ಎರಡೆಳೆಯಾಗಿ ಸುತ್ತಿಕೊಳ್ಳುವುದು ಸಹಜ, ಆದರೆ ಅಲ್ಲಲ್ಲಿ ಬಿಗಿ ಗಂಟಾಗಿ ಮುರುಟಿಕೊಂಡರೆ ಹುರಿ ಜಾಸ್ತಿ. ಆಗ ಮೇಲಿನ ಉಣ್ಣೆಯನ್ನು ಬಿಗಿಯಾಗಿ ಹಿಡಿದು ಕದಿರನ್ನು ತೂಗುಬಿಟ್ಟರೆ ಅದು ಹಿಂದಕ್ಕೆ ತಿರುಗುತ್ತದೆ. ಪೂರ್ತಿ ನಿಲ್ಲುವವರೆಗೆ ಬಿಟ್ಟರೆ ಎಳೆ ಕಳಚಿ ಕದಿರು ಬೀಳುವ ಸಂಭವ ಉಂಟು. ಹಾಗಾಗಿ ನಡುನಡುವೆ ಹಿಡಿದು ಪರೀಕ್ಷಿಸಬೇಕು. ನನಗೆ ಇಷ್ಟವಾದ ಇನ್ನೊಂದು ದಾರಿಯೆಂದರೆ ಹೊಸ ಹುರಿ ಕೊಡದೆ ಇನ್ನಷ್ಟು ಉಣ್ಣೆ ಎಳೆಯುತ್ತಾ ಹೋಗುವುದು. ಹೆಚ್ಚಿದ ಹುರಿ ಅಲ್ಲಿಗೆ ಖರ್ಚಾಗುತ್ತದೆ, ಏನೂ ವ್ಯರ್ಥವಿಲ್ಲ.

ನಮ್ಮ ಸೋಮವಾರಪೇಟೆ ಕಡೆಯ ಮಳೆಗಾಲದಲ್ಲಿ ಈ ಪರೀಕ್ಷೆಯನ್ನು ನೂಲಿದ ಕೂಡಲೇ ಮಾಡಿಬಿಡಬೇಕು. ತೇವದ ಗಾಳಿಯಲ್ಲಿ ಕದಿರಿನ ಮೇಲೆ ರಾತ್ರಿಯಿಡೀ ಕುಳಿತ ಎಳೆ ಮಾರನೆಯ ದಿನ ಸುಮ್ಮನಿರುತ್ತದೆ, ಹುರಿ ಸರಿಯಿದೆ ಅನ್ನಿಸುತ್ತದೆ. ಅನುಮಾನವಿದ್ದರೆ ಒಂದು ಗೇಣು ತುಂಡನ್ನು ನೀರಿಗೆ ಅದ್ದುತ್ತೇನೆ. ಅಡಗಿದ್ದ ಹುರಿ ಒದ್ದೆಯಾದೊಡನೆ ಎದ್ದು ಸುರುಳಿ ಸುತ್ತಿಕೊಳ್ಳುತ್ತದೆ.